ಸಾಲ ಕೇಳಿದ ಗುರುತು: ಹಾರ್ಡ್ ಎನ್‌ಕ್ವೈರಿ, ಸಾಫ್ಟ್ ಎನ್‌ಕ್ವೈರಿ

ಸಾಲಕ್ಕೆ ಅರ್ಜಿ ಹಾಕಿದ ಕೂಡಲೇ ಬ್ಯಾಂಕು ಮಾಡುವ ಮೊದಲ ಕೆಲಸ ಅರ್ಜಿದಾರರ ಹಳೆಯ ಸಾಲಗಳ ಚರಿತ್ರೆ ತರಿಸಿಕೊಳ್ಳುವುದು. ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ, ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಕ್ರೆಡಿಟ್ ಮಾಹಿತಿ ಸಂಸ್ಥೆಯೊಂದಕ್ಕೆ ಕಳಿಸಿದರೆ ಕೆಲವೇ ಕ್ಷಣಗಳಲ್ಲಿ ವರದಿ ಬರುತ್ತದೆ. ಹೀಗೆ ವರದಿ ಕೇಳುವುದಕ್ಕೆ ಎನ್‌ಕ್ವೈರಿ ಎಂದು ಹೆಸರು. ಭಾರತದಲ್ಲಿ ಇಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ ನಡೆಯುತ್ತವೆ. ಜನ ಸಿಬಿಲ್ ಸ್ಕೋರ್ ಎಂದು ಕರೆಯುವ 300ರಿಂದ 900ರವರೆಗಿನ ಅಂಕ ಹುಟ್ಟುವುದು ಇವುಗಳ ದಾಖಲೆಯಿಂದಲೇ.

ವರದಿಯಲ್ಲಿ ಹಳೆಯ ಸಾಲಗಳ ವಿವರ ಇರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತು. ಸಾಲ ಕೇಳಿದ್ದು ಕೂಡ ಅದರಲ್ಲಿ ದಾಖಲಾಗುತ್ತದೆ, ಸಾಲ ಸಿಗಲಿ ಬಿಡಲಿ ಆ ಗುರುತು ಉಳಿಯುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದು ಅರ್ಜಿ ತಿರಸ್ಕಾರವಾದ ಮೇಲೆ.

ಎರಡು ಬಗೆಯ ಎನ್‌ಕ್ವೈರಿ

ವರದಿ ಯಾವ ಕಾರಣಕ್ಕೆ ತೆರೆಯಿತು ಎಂಬುದರ ಮೇಲೆ ಎನ್‌ಕ್ವೈರಿಯ ಬಗೆ ನಿಂತಿದೆ. ಹೊಸ ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ ಅರ್ಜಿ ಬಂದಿದೆ, ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಸಾಲದಾತರು ವರದಿ ತರಿಸಿಕೊಂಡರೆ ಅದು ಹಾರ್ಡ್ ಎನ್‌ಕ್ವೈರಿ. ಗೃಹಸಾಲ, ವೈಯಕ್ತಿಕ ಸಾಲ, ವಾಹನ ಸಾಲ, ಕಂತಿನಲ್ಲಿ ಕೊಳ್ಳುವ ಫ್ರಿಡ್ಜು, ಮೊಬೈಲು, ಎಲ್ಲಕ್ಕೂ ಇದೇ ನಿಯಮ. ಒಂದು ಬ್ಯಾಂಕಿನಲ್ಲಿರುವ ಸಾಲವನ್ನು ಕಡಿಮೆ ಬಡ್ಡಿಗೆ ಇನ್ನೊಂದು ಬ್ಯಾಂಕಿಗೆ ವರ್ಗಾಯಿಸಲು ಹೊರಟರೂ ಹೊಸ ಬ್ಯಾಂಕಿನ ಲೆಕ್ಕದಲ್ಲಿ ಅದು ಹೊಸ ಅರ್ಜಿಯೇ. ಜಂಟಿ ಅರ್ಜಿಯಾದರೆ ಇಬ್ಬರ ವರದಿಯೂ ತೆರೆಯುತ್ತದೆ, ಇಬ್ಬರ ದಾಖಲೆಯಲ್ಲೂ ಗುರುತು ಬೀಳುತ್ತದೆ.

ಹೊಸ ಸಾಲದ ಅರ್ಜಿ ಇಲ್ಲದೆ ವರದಿ ತೆರೆದರೆ ಅದು ಸಾಫ್ಟ್ ಎನ್‌ಕ್ವೈರಿ. ಒಬ್ಬರು ತಮ್ಮ ವರದಿಯನ್ನು ತಾವೇ ನೋಡಿಕೊಳ್ಳುವುದು, ಈಗಾಗಲೇ ಸಾಲ ಕೊಟ್ಟಿರುವ ಬ್ಯಾಂಕು ತನ್ನ ಗ್ರಾಹಕರ ಸ್ಥಿತಿಯನ್ನು ಆಗಾಗ ಪರಿಶೀಲಿಸುವುದು, ‘ನಿಮಗೆ ಇಷ್ಟು ಸಾಲ ಮುಂಚಿತವಾಗಿ ಮಂಜೂರಾಗಿದೆ’ ಎಂಬ ಸಂದೇಶ ಕಳಿಸುವ ಮೊದಲು ಬ್ಯಾಂಕು ತನ್ನ ಪಟ್ಟಿಯನ್ನು ಸೋಸುವುದು ಈ ಬಗೆಗೆ ಸೇರುತ್ತವೆ. ಇವು ಬೇರೆ ಸಾಲದಾತರ ಕಣ್ಣಿಗೆ ಬೀಳುವುದಿಲ್ಲ, ಸ್ಕೋರಿನ ಲೆಕ್ಕಕ್ಕೂ ಬರುವುದಿಲ್ಲ. ಸ್ಕೋರ್ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಅದಕ್ಕೆ ಆಧಾರವಿಲ್ಲ. ಸ್ವಂತ ವರದಿಯನ್ನು ಎಷ್ಟು ಸಲ ನೋಡಿದರೂ ಸ್ಕೋರಿಗೆ ಏನೂ ಆಗದು.

ಒಂದು ಎಚ್ಚರಿಕೆ ಮಾತ್ರ ಬೇಕು. ಮುಂಚಿತವಾಗಿ ಮಂಜೂರಾದ ಸಾಲದ ಸಂದೇಶ ಬರುವವರೆಗಿನದು ಸಾಫ್ಟ್ ಎನ್‌ಕ್ವೈರಿ. ಆ ಸಂದೇಶದ ಕೊಂಡಿಯನ್ನು ಒತ್ತಿ, ವಿವರ ತುಂಬಿ, ಒಪ್ಪಿಗೆ ಕೊಟ್ಟರೆ ಅದು ಅರ್ಜಿಯಾಗುತ್ತದೆ. ಅಲ್ಲಿಂದ ಮುಂದೆ ಹಾರ್ಡ್ ಎನ್‌ಕ್ವೈರಿ ಆಗಬಹುದು.

ದಾಖಲೆಯಲ್ಲಿ ಇರುವುದು, ಇಲ್ಲದಿರುವುದು

ವರದಿಯ ಕೊನೆಯ ಭಾಗದಲ್ಲಿ ಎನ್‌ಕ್ವೈರಿಗಳ ಪಟ್ಟಿ ಇರುತ್ತದೆ. ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿ: ಯಾರು ಕೇಳಿದರು, ಯಾವತ್ತು ಕೇಳಿದರು, ಯಾವ ಬಗೆಯ ಸಾಲಕ್ಕೆ, ಎಷ್ಟು ಮೊತ್ತಕ್ಕೆ.

ಆ ಅರ್ಜಿ ಮುಂದೇನಾಯಿತು ಎಂಬ ಐದನೆಯ ಸಂಗತಿ ಅಲ್ಲಿಲ್ಲ. ಸಾಲ ಮಂಜೂರಾಯಿತೇ, ಬ್ಯಾಂಕು ಬೇಡವೆಂದಿತೇ, ಬಡ್ಡಿ ಹೆಚ್ಚೆಂದು ಅರ್ಜಿದಾರರೇ ಹಿಂದೆ ಸರಿದರೇ ಎಂಬ ಉತ್ತರ ಎನ್‌ಕ್ವೈರಿಯ ಸಾಲಿನಲ್ಲಿ ಸಿಗುವುದಿಲ್ಲ. ಮುಂದಿನ ಸಾಲದಾತರು ಅದನ್ನು ಊಹಿಸಬೇಕು. ಎನ್‌ಕ್ವೈರಿಯ ಹಿಂದೆಯೇ ಅದೇ ಸಂಸ್ಥೆಯ ಹೊಸ ಸಾಲದ ಖಾತೆ ವರದಿಯಲ್ಲಿ ಕಂಡರೆ ಸಾಲ ಸಿಕ್ಕಿದೆ ಎಂದು ತಿಳಿಯುತ್ತದೆ. ತಿಂಗಳುಗಳು ಕಳೆದರೂ ಖಾತೆ ಕಾಣದಿದ್ದರೆ ಅರ್ಜಿ ತಿರಸ್ಕಾರವಾಗಿರಬೇಕು ಎಂಬ ಅನುಮಾನ ಮೂಡುತ್ತದೆ. ಎನ್‌ಕ್ವೈರಿ ಇತ್ತೀಚಿನದಾದರಂತೂ ಎರಡರಲ್ಲಿ ಯಾವುದೆಂದು ಹೇಳುವುದೇ ಕಷ್ಟ.

ಕಷ್ಟಕ್ಕೆ ಕಾರಣ ಮಾಹಿತಿ ತಲುಪುವ ವೇಗದಲ್ಲಿದೆ. ಎನ್‌ಕ್ವೈರಿ ದಾಖಲಾಗುವುದು ಅದು ನಡೆದ ಗಳಿಗೆಯಲ್ಲಿ. ಸಾಲದ ಖಾತೆ ದಾಖಲಾಗುವುದು ಬ್ಯಾಂಕು ತನ್ನ ಲೆಕ್ಕವನ್ನು ಕಳಿಸಿದ ಮೇಲೆ. ಮೊದಲು ಬ್ಯಾಂಕುಗಳು ತಿಂಗಳಿಗೊಮ್ಮೆ ಈ ಲೆಕ್ಕ ಕಳಿಸುತ್ತಿದ್ದವು. 2025ರ ಜನವರಿಯಿಂದ ಕನಿಷ್ಠ 15 ದಿನಕ್ಕೊಮ್ಮೆ, ಅಂದರೆ 15ನೇ ತಾರೀಖು ಮತ್ತು ತಿಂಗಳ ಕೊನೆಯ ದಿನದ ಲೆಕ್ಕವನ್ನು ಏಳು ದಿನದೊಳಗೆ ಕಳಿಸಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ಜಾರಿಗೆ ತಂದಿತು. ಆ ಲೆಕ್ಕದಲ್ಲಿ 2ನೇ ತಾರೀಖು ಕೈಗೆ ಬಂದ ಸಾಲ ವರದಿಯಲ್ಲಿ ಕಾಣಿಸುವ ಹೊತ್ತಿಗೆ 22 ದಾಟಿರಬಹುದು. ಆ ಮೂರು ವಾರಗಳಲ್ಲಿ ಅದೇ ವ್ಯಕ್ತಿ ಇನ್ನೂ ಮೂರು ಕಡೆ ಸಾಲ ತೆಗೆದರೆ, ಪ್ರತಿ ಸಾಲದಾತರಿಗೂ ಹಿಂದಿನ ಸಾಲಗಳಿಲ್ಲದ ಖಾಲಿ ಕೈಯೇ ಕಾಣುತ್ತದೆ. ಅಷ್ಟರೊಳಗೆ ನಡೆದದ್ದರ ಸುಳಿವು ಕೊಡುವುದು ಎನ್‌ಕ್ವೈರಿಗಳ ಪಟ್ಟಿ ಮಾತ್ರ. ಒಂದರ ಬೆನ್ನಿಗೊಂದು ಬಂದ ಅರ್ಜಿಗಳನ್ನು ಸಾಲದಾತರು ಅನುಮಾನದಿಂದ ನೋಡಲು ಇದೇ ಮುಖ್ಯ ಕಾರಣ.

ಸ್ಕೋರ್ ಎಷ್ಟು ಇಳಿಯುತ್ತದೆ

ಸ್ಕೋರ್ ಲೆಕ್ಕ ಹಾಕುವ ಸೂತ್ರವನ್ನು ಯಾವ ಸಂಸ್ಥೆಯೂ ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಒಂದು ಎನ್‌ಕ್ವೈರಿಗೆ ಇಷ್ಟೇ ಅಂಕ ಹೋಗುತ್ತದೆ ಎಂದು ಖಚಿತವಾಗಿ ಹೇಳುವ ಲೇಖನಗಳನ್ನೂ ವಿಡಿಯೊಗಳನ್ನೂ ನಂಬುವಂತಿಲ್ಲ. ಅಳತೆಯ ಅಂದಾಜಿಗೆ ಅಮೆರಿಕದ ಫೈಕೊ ಸ್ಕೋರ್ ನೆರವಾಗುತ್ತದೆ. ಅಲ್ಲಿ ಒಂದು ಹಾರ್ಡ್ ಎನ್‌ಕ್ವೈರಿಯಿಂದ ಹೆಚ್ಚಿನವರ ಸ್ಕೋರ್ 5 ಅಂಕಕ್ಕಿಂತ ಕಡಿಮೆ ಇಳಿಯುತ್ತದೆ ಎಂದು ಆ ಕಂಪನಿಯೇ ಹೇಳಿದೆ. ಎನ್‌ಕ್ವೈರಿ ಎರಡು ವರ್ಷ ವರದಿಯಲ್ಲಿ ಉಳಿದರೂ ಸ್ಕೋರಿನ ಲೆಕ್ಕಕ್ಕೆ ಬರುವುದು ಕೊನೆಯ 12 ತಿಂಗಳಿನವು ಮಾತ್ರ. ಭಾರತದ ಅಂಕಗಳ ಲೆಕ್ಕ ಬೇರೆಯಾದರೂ ಸ್ವಭಾವ ಇದೇ: ಕಂತು ತಪ್ಪಿಸಿದ್ದರ ಭಾರದ ಮುಂದೆ ಒಂದು ಎನ್‌ಕ್ವೈರಿಯ ಭಾರ ತೀರಾ ಹಗುರ, ಅದೂ ದಿನ ಕಳೆದಂತೆ ಕರಗುತ್ತದೆ.

ಆದರೆ ಈ ಭಾರ ಎಲ್ಲರಿಗೂ ಒಂದೇ ಅಲ್ಲ. ಹತ್ತು ವರ್ಷಗಳಿಂದ ಗೃಹಸಾಲದ ಕಂತನ್ನು ತಪ್ಪದೆ ಕಟ್ಟುತ್ತಿರುವವರ ವರದಿಯಲ್ಲಿ ಮೂರು ಎನ್‌ಕ್ವೈರಿ ಕಂಡರೂ ಅದರ ಜೊತೆಗೆ ನೂರಿಪ್ಪತ್ತು ತಿಂಗಳ ಒಳ್ಳೆಯ ದಾಖಲೆ ಇರುತ್ತದೆ. ಆರು ತಿಂಗಳ ಹಿಂದೆ ಮೊದಲ ಕ್ರೆಡಿಟ್ ಕಾರ್ಡ್ ಪಡೆದವರ ವರದಿಯಲ್ಲಿ ನೋಡಲು ಬೇರೇನೂ ಇಲ್ಲ. ಅದೇ ಮೂರು ಎನ್‌ಕ್ವೈರಿ ಅಲ್ಲಿ ಎದ್ದು ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಮೊದಲ ಬಾರಿ ಸಾಲ ಕೇಳುವವರು ಈ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕಾದ್ದು ಇದಕ್ಕೇ.

ಸ್ಕೋರ್ ಇಳಿಯುವುದಲ್ಲದೆ ಇನ್ನೊಂದು ಪೆಟ್ಟೂ ಇದೆ. ಸಾಲದಾತರು ಅಂಕವನ್ನಷ್ಟೇ ನೋಡುವುದಿಲ್ಲ, ಪಟ್ಟಿಯನ್ನೂ ಓದುತ್ತಾರೆ. ಇತ್ತೀಚಿನ ತಿಂಗಳುಗಳಲ್ಲಿ ಎಷ್ಟು ಎನ್‌ಕ್ವೈರಿ ಆಗಿವೆ ಎಂಬುದಕ್ಕೆ ತಮ್ಮದೇ ಮಿತಿ ಇಟ್ಟುಕೊಂಡಿರುವ ಸಂಸ್ಥೆಗಳಿವೆ. ಅಂಥಲ್ಲಿ ಸ್ಕೋರ್ ಚೆನ್ನಾಗಿದ್ದರೂ ಎನ್‌ಕ್ವೈರಿಗಳ ಸಂಖ್ಯೆಯೇ ಅರ್ಜಿಯನ್ನು ತಡೆಯಬಹುದು.

ಒಂಬತ್ತು ದಿನ, ಆರು ಅರ್ಜಿ

ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ತುಮಕೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಯುವಕನಿಗೆ ತಿಂಗಳಿಗೆ 32,000 ರೂಪಾಯಿ ಸಂಬಳ. ಬೈಕಿನ ಸಾಲಕ್ಕೆ 3,400 ರೂಪಾಯಿ ಕಂತು ಕಟ್ಟುತ್ತಿದ್ದಾನೆ. ತಂಗಿಯ ಮದುವೆಗೆ 3 ಲಕ್ಷ ರೂಪಾಯಿ ಬೇಕು. ಶೇ. 14ರ ಬಡ್ಡಿಗೆ ಮೂರು ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 10,250 ರೂಪಾಯಿ. ಬೈಕಿನ ಕಂತೂ ಸೇರಿದರೆ 13,650. ಸಂಬಳದ ಶೇ. 43ರಷ್ಟು ಕಂತಿಗೇ ಹೋಗುತ್ತದೆ. ಬಿಗಿಯಾದ ಲೆಕ್ಕವೇ ಆದರೂ ಸಾಲ ಸಿಗಲಾರದು ಎನ್ನುವಂತಿಲ್ಲ.

ಮಾರ್ಚ್ 3ರಂದು ಒಂದು ಖಾಸಗಿ ಬ್ಯಾಂಕಿಗೆ ಅರ್ಜಿ ಹಾಕುತ್ತಾನೆ. ಮರುದಿನ ‘ಬ್ಯಾಂಕಿನ ಆಂತರಿಕ ನೀತಿಯ ಪ್ರಕಾರ ಮಂಜೂರು ಮಾಡಲಾಗುತ್ತಿಲ್ಲ’ ಎಂಬ ಒಂದು ಸಾಲಿನ ಸಂದೇಶ. ಕಾರಣ ಕೇಳುವ ಬದಲು 5ನೇ ತಾರೀಖು ಸಾಲ ಹೋಲಿಸುವ ಆ್ಯಪ್ ಒಂದರಲ್ಲಿ ವಿವರ ತುಂಬಿ, ಒಪ್ಪಿಗೆಯ ಚೌಕಕ್ಕೆ ಗುರುತು ಹಾಕುತ್ತಾನೆ. ಅವನ ಅರ್ಜಿ ಅಲ್ಲಿಂದ ಮೂರು ಸಂಸ್ಥೆಗಳಿಗೆ ಹೋಗುತ್ತದೆ. ಎರಡು ಎನ್‌ಕ್ವೈರಿ ಅಂದೇ, ಒಂದು ಮರುದಿನ. ಸಾಲವಾಗದಿದ್ದರೆ ಕಾರ್ಡಾದರೂ ಇರಲಿ ಎಂದು 8ರಂದು ಕ್ರೆಡಿಟ್ ಕಾರ್ಡಿಗೆ, 11ರಂದು ಮೊಬೈಲ್ ಆ್ಯಪ್ ಒಂದರಲ್ಲಿ ಒಂದೂವರೆ ಲಕ್ಷಕ್ಕೆ ಕೇಳುತ್ತಾನೆ. ಎಲ್ಲೂ ಹಣ ಸಿಗುವುದಿಲ್ಲ.

14ರಂದು ತನ್ನ ಸಂಬಳದ ಖಾತೆ ಇರುವ ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿನ ಅಧಿಕಾರಿಯ ಕಂಪ್ಯೂಟರಿನಲ್ಲಿ ಕಾಣುವುದು ತಂಗಿಯ ಮದುವೆಯಲ್ಲ. ಒಂಬತ್ತು ದಿನದಲ್ಲಿ ಆರು ಎನ್‌ಕ್ವೈರಿ: 3 ಲಕ್ಷದ್ದು ನಾಲ್ಕು, ಒಂದೂವರೆ ಲಕ್ಷದ್ದು ಒಂದು, ಜೊತೆಗೊಂದು ಕಾರ್ಡು. ಯುವಕನಿಗೆ ಬೇಕಾದದ್ದು ಒಟ್ಟು 3 ಲಕ್ಷ. ಪಟ್ಟಿಯನ್ನು ಕೂಡಿದರೆ ಅವನು ಕಾರ್ಡು ಬಿಟ್ಟು ಹದಿಮೂರೂವರೆ ಲಕ್ಷ ಕೇಳಿದಂತಿದೆ. ‘ಇಷ್ಟು ಕಡೆ ಕೇಳಿದ್ದೀರಲ್ಲ, ಎಲ್ಲಾದರೂ ಮಂಜೂರಾಗಿದೆಯಾ?’ ಎಂದು ಅಧಿಕಾರಿ ಕೇಳುತ್ತಾರೆ. ‘ಇಲ್ಲ ಸಾರ್’ ಎಂಬ ಉತ್ತರ ನಿಜವೇ. ಆದರೆ ಅದನ್ನು ಪರೀಕ್ಷಿಸಲು ಅವರ ಬಳಿ ದಾರಿಯಿಲ್ಲ, ಏಕೆಂದರೆ ಆ ವಾರಗಳಲ್ಲಿ ಸಾಲ ಕೊಟ್ಟಿದ್ದರೆ ಅದು ಇನ್ನೂ ವರದಿಗೆ ಬಂದಿರಲಾರದು. ಉತ್ತರ ನಿಜವಾದರೂ ಅನುಕೂಲವಿಲ್ಲ. ಆರು ಕಡೆ ಬೇಡವೆಂದವರಿಗೆ ತಾವೇಕೆ ಕೊಡಬೇಕು ಎಂಬ ಪ್ರಶ್ನೆ ಏಳುತ್ತದೆ. ಬ್ಯಾಂಕು ವರದಿ ತರಿಸಿಕೊಂಡದ್ದರಿಂದ ಪಟ್ಟಿಗೆ ಏಳನೆಯ ಸಾಲೂ ಸೇರಿದೆ.

ಮೊದಲ ತಿರಸ್ಕಾರಕ್ಕೆ ನಿಜವಾದ ಕಾರಣ ಬೇರೆಡೆ ಇತ್ತು. ಎರಡು ವರ್ಷದ ಹಿಂದೆ ಪಡೆದು ಬಳಸದೆ ಬಿಟ್ಟಿದ್ದ ಕ್ರೆಡಿಟ್ ಕಾರ್ಡೊಂದರ ವಾರ್ಷಿಕ ಶುಲ್ಕ, ಅದರ ಮೇಲಿನ ದಂಡ ಸೇರಿ 1,840 ರೂಪಾಯಿ ಬಾಕಿ ಉಳಿದಿತ್ತು. ಮೊಬೈಲ್ ಸಂಖ್ಯೆ ಬದಲಾಗಿದ್ದರಿಂದ ಆ ಬ್ಯಾಂಕಿನ ಸಂದೇಶಗಳು ಅವನಿಗೆ ತಲುಪಿರಲಿಲ್ಲ. ವರದಿಯಲ್ಲಿ ಅದು 90 ದಿನ ದಾಟಿದ ಬಾಕಿಯಾಗಿ ಕುಳಿತಿತ್ತು. ಏಳೂ ಸಂಸ್ಥೆಗಳು ಅದೇ ಸಾಲನ್ನು ಓದಿದವು. ಇಂಥ ಕಾರಣ ಇರುವವರೆಗೆ ಅರ್ಜಿಯ ವಿಳಾಸ ಬದಲಿಸಿದರೆ ಉತ್ತರ ಬದಲಾಗುವುದಿಲ್ಲ, ಪಟ್ಟಿ ಮಾತ್ರ ಬೆಳೆಯುತ್ತದೆ.

ಮಾರ್ಚ್ 3ರ ಮೊದಲೇ ತನ್ನ ವರದಿಯನ್ನು ತಾನೇ ತೆಗೆದು ನೋಡಿದ್ದರೆ ಈ ಬಾಕಿ ಕಾಣುತ್ತಿತ್ತು. ಅದಕ್ಕೆ ಖರ್ಚಿಲ್ಲ. ಸ್ಕೋರ್ ಸಹಿತ ಪೂರ್ಣ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುವುದು 2017ರಿಂದ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಗೂ ಕಡ್ಡಾಯ. ನಾಲ್ಕು ಸಂಸ್ಥೆಗಳಿಂದ ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತೆಯೂ ಆಗುತ್ತದೆ. ಈಗ ಅವನ ಮುಂದಿರುವ ದಾರಿ ಸರಳ, ಆದರೆ ನಿಧಾನ. ಬಾಕಿ ಕಟ್ಟಿ, ಕಾರ್ಡು ಮುಚ್ಚಿಸಿ, ಬಾಕಿಯಿಲ್ಲ ಎಂಬ ಪತ್ರ ಪಡೆಯಬೇಕು. ವರದಿಯಲ್ಲಿ ಬಾಕಿಯ ಮೊತ್ತ ಸೊನ್ನೆಯಾದದ್ದನ್ನು ಖಚಿತಪಡಿಸಿಕೊಳ್ಳಬೇಕು. ಕೆಲವು ತಿಂಗಳು ಎಲ್ಲೂ ಅರ್ಜಿ ಹಾಕದೆ, ಬೈಕಿನ ಕಂತು ತಪ್ಪದೆ ಕಟ್ಟಿ, ಆಮೇಲೆ ಒಂದೇ ಬ್ಯಾಂಕಿಗೆ ಹೋಗಬೇಕು.

ಅರಿವಿಲ್ಲದೆ ಬೀಳುವ ಗುರುತುಗಳು

ತಾವು ಅರ್ಜಿಯನ್ನೇ ಹಾಕಿಲ್ಲ ಎನ್ನುವವರ ವರದಿಯಲ್ಲೂ ಹಾರ್ಡ್ ಎನ್‌ಕ್ವೈರಿ ಕಾಣುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಒಪ್ಪಿಗೆ ಕೊಟ್ಟಿರುತ್ತಾರೆ, ಕೊಟ್ಟದ್ದು ಗೊತ್ತಿರುವುದಿಲ್ಲ.

ಮೊಬೈಲ್ ಅಂಗಡಿಯ ಕೌಂಟರು ಇದಕ್ಕೆ ಒಳ್ಳೆಯ ನಿದರ್ಶನ. ಫೋನು ನೋಡಲು ಹೋದವರಿಗೆ ಮಾರಾಟಗಾರ ‘ಇಎಂಐ ಆಗುತ್ತಾ ನೋಡೋಣ, ಪ್ಯಾನ್ ನಂಬರ್ ಹೇಳಿ’ ಎನ್ನುತ್ತಾನೆ. ಫೋನಿಗೆ ಒಟಿಪಿ ಬರುತ್ತದೆ, ಗ್ರಾಹಕ ಓದಿ ಹೇಳುತ್ತಾನೆ. ಆ ಅಂಕಿಗಳನ್ನು ಹೇಳುವುದೆಂದರೆ ಹಣಕಾಸು ಕಂಪನಿಗೆ ವರದಿ ತೆರೆಯಲು ಒಪ್ಪಿಗೆ ಕೊಟ್ಟಂತೆ. ಒಂದು ಕಂಪನಿಯಲ್ಲಿ ಆಗದಿದ್ದರೆ ಅದೇ ಕೌಂಟರಿನಲ್ಲಿ ಇನ್ನೊಂದು ಕಂಪನಿ, ಇನ್ನೊಂದು ಒಟಿಪಿ. ಗ್ರಾಹಕ ಫೋನು ಕೊಳ್ಳದೆ ಮನೆಗೆ ಹೋದರೂ ಎರಡು ಎನ್‌ಕ್ವೈರಿ ಉಳಿದಿರಬಹುದು.

ಎರಡನೆಯದು ಸಾಲದ ಏಜೆಂಟರ ದಾರಿ. ಬ್ಯಾಂಕುಗಳ ಪರವಾಗಿ ಸಾಲ ಹುಡುಕಿಕೊಡುವ ಏಜೆಂಟರು ಒಂದು ಸೆಟ್ ದಾಖಲೆ ಪಡೆದು, ಎಲ್ಲಾದರೂ ಒಂದು ಕಡೆ ಆಗುತ್ತದೆ ಎಂದು ಏಕಕಾಲಕ್ಕೆ ನಾಲ್ಕೈದು ಕಡೆ ‘ಲಾಗಿನ್’ ಮಾಡಿಸುತ್ತಾರೆ. ಲಾಗಿನ್ ಎಂದರೆ ಅರ್ಜಿಯನ್ನು ಬ್ಯಾಂಕಿನ ವ್ಯವಸ್ಥೆಗೆ ಏರಿಸುವುದು. ಪ್ರತಿ ಲಾಗಿನ್ ಒಂದು ಹಾರ್ಡ್ ಎನ್‌ಕ್ವೈರಿಯಾಗಬಹುದು. ದಾಖಲೆ ಕೊಡುವಾಗಲೇ ಯಾವ ಬ್ಯಾಂಕಿಗೆ ಎಂದು ಹೆಸರು ಹಿಡಿದು ಹೇಳುವುದು, ಪ್ರತಿಗಳ ಮೇಲೆ ಆ ಬ್ಯಾಂಕಿನ ಹೆಸರು ಮತ್ತು ದಿನಾಂಕ ಬರೆದು ಸಹಿ ಹಾಕುವುದು, ಒಂದರ ಉತ್ತರ ಬರುವವರೆಗೆ ಇನ್ನೊಂದಕ್ಕೆ ಕಳಿಸಬಾರದೆಂದು ತಿಳಿಸುವುದು ಇಲ್ಲಿ ನೆರವಾಗುತ್ತದೆ.

ಬಡ್ಡಿ ಹೋಲಿಸುವವರ ಕಷ್ಟ

ದೊಡ್ಡ ಸಾಲ ತೆಗೆಯುವವರು ನಾಲ್ಕು ಕಡೆ ವಿಚಾರಿಸುವುದು ಜಾಣತನ. ಗೃಹಸಾಲದಲ್ಲಿ ಅರ್ಧ ಶೇಕಡಾ ಬಡ್ಡಿ ಕಡಿಮೆಯಾದರೂ ಇಪ್ಪತ್ತು ವರ್ಷದಲ್ಲಿ ಲಕ್ಷಗಟ್ಟಲೆ ಉಳಿಯುತ್ತದೆ. ಹೀಗೆ ಹೋಲಿಸುವವರಿಗೆ ಶಿಕ್ಷೆಯಾಗಬಾರದೆಂದು ಅಮೆರಿಕದ ಫೈಕೊ ಸ್ಕೋರಿನಲ್ಲಿ ಒಂದು ಏರ್ಪಾಡಿದೆ. ಗೃಹ, ವಾಹನ ಮತ್ತು ಶಿಕ್ಷಣ ಸಾಲಗಳ ಎನ್‌ಕ್ವೈರಿಗಳು ಒಂದು ನಿಗದಿತ ಅವಧಿಯೊಳಗೆ ಎಷ್ಟೇ ಇದ್ದರೂ ಒಂದೆಂದೇ ಎಣಿಕೆಯಾಗುತ್ತವೆ. ಸ್ಕೋರಿನ ಹಳೆಯ ಆವೃತ್ತಿಗಳಲ್ಲಿ ಆ ಅವಧಿ 14 ದಿನ, ಹೊಸ ಆವೃತ್ತಿಗಳಲ್ಲಿ 45 ದಿನ. ಕ್ರೆಡಿಟ್ ಕಾರ್ಡಿಗೆ ಈ ವಿನಾಯಿತಿ ಇಲ್ಲ. ಅಮೆರಿಕದಲ್ಲಿ ನೆಲೆಸಿ ಅಲ್ಲೇ ಮನೆ ಕೊಳ್ಳುವ ಕನ್ನಡಿಗರು ಇದರ ಲಾಭ ಪಡೆಯಬಹುದು. ಊರಿನಲ್ಲಿ ಫ್ಲಾಟ್ ಕೊಳ್ಳಲು ಇಲ್ಲಿನ ಬ್ಯಾಂಕುಗಳಿಗೆ ಅರ್ಜಿ ಹಾಕುವಾಗ ಅದೇ ನಿಯಮ ಇಲ್ಲಿಯೂ ಇದೆಯೆಂದು ನಂಬಿ ನಡೆಯಬಾರದು.

ಭಾರತದಲ್ಲಿ ಹೋಲಿಕೆಯನ್ನು ಅರ್ಜಿಗೆ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ. ಬ್ಯಾಂಕುಗಳ ಬಡ್ಡಿದರ, ಸಂಸ್ಕರಣಾ ಶುಲ್ಕ ಅವುಗಳ ಜಾಲತಾಣಗಳಲ್ಲೇ ಸಿಗುತ್ತವೆ. ಯಾವ ಸ್ಕೋರಿಗೆ ಯಾವ ಬಡ್ಡಿ ಎಂಬ ಪಟ್ಟಿಯನ್ನು ಪ್ರಕಟಿಸುವ ಬ್ಯಾಂಕುಗಳೂ ಇವೆ. ಸ್ವಂತವಾಗಿ ತೆಗೆದ ವರದಿ, ಮೂರು ತಿಂಗಳ ಸಂಬಳ ಚೀಟಿ ಹಿಡಿದು ಶಾಖೆಗೆ ಹೋಗಿ, ವರದಿ ತೆರೆಯದೆ ಅಂದಾಜು ಹೇಳುವಂತೆ ಕೇಳಬಹುದು. ಆನ್‌ಲೈನಿನಲ್ಲಿ ‘ಅರ್ಹತೆ ನೋಡಿ’ ಎಂಬ ಗುಂಡಿ ಒತ್ತುವ ಮೊದಲು ಒಪ್ಪಿಗೆಯ ಸಾಲುಗಳನ್ನು ಓದಿದರೆ ವಿವರ ಯಾರಿಗೆ, ಎಷ್ಟು ಸಂಸ್ಥೆಗಳಿಗೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ಈ ಸೋಸುವಿಕೆಯ ಕೊನೆಯಲ್ಲಿ ಉಳಿದ ಒಂದೋ ಎರಡೋ ಬ್ಯಾಂಕಿಗೆ ಅರ್ಜಿ ಹಾಕಿದರೆ ಸಾಕು.

ತನ್ನದಲ್ಲದ ಎನ್‌ಕ್ವೈರಿ ಕಂಡರೆ

ಸಾಲದಾತರು ವರದಿ ತೆರೆದಾಗ ಗ್ರಾಹಕರಿಗೆ ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಸೂಚಿಸಿತು. ವರದಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಎನ್‌ಕ್ವೈರಿಗಳಿಗೆ ಮಾತ್ರ ಈ ಸಂದೇಶ. ಎಲ್ಲೂ ಅರ್ಜಿ ಹಾಕದ ದಿನ ಇಂಥ ಸಂದೇಶ ಬಂದರೆ ಯಾರೋ ಆ ಹೆಸರಿನಲ್ಲಿ ಸಾಲ ಕೇಳುತ್ತಿರಬಹುದು. ಸಾಲ ಮಂಜೂರಾಗುವ ಮೊದಲೇ ವಂಚನೆಯನ್ನು ತಡೆಯಲು ಸಿಗುವ ಅವಕಾಶ ಅದು. ಹಳೆಯ ಮೊಬೈಲ್ ಸಂಖ್ಯೆಯೇ ದಾಖಲೆಯಲ್ಲಿ ಉಳಿದಿದ್ದರೆ ಆ ಸಂದೇಶ ತಲುಪುವುದೇ ಇಲ್ಲ.

ತಪ್ಪು ಎನ್‌ಕ್ವೈರಿ ಕಂಡರೆ ಮೊದಲು ಆ ಸಾಲದಾತ ಸಂಸ್ಥೆಗೆ ಬರೆದು, ಯಾವ ಅರ್ಜಿ, ಯಾವ ಒಪ್ಪಿಗೆಯ ಮೇಲೆ ವರದಿ ತೆರೆಯಿತೆಂದು ಕೇಳಬೇಕು. ಜೊತೆಗೇ ಕ್ರೆಡಿಟ್ ಮಾಹಿತಿ ಸಂಸ್ಥೆಯ ಜಾಲತಾಣದಲ್ಲಿ ವರದಿಯ ನಿಯಂತ್ರಣ ಸಂಖ್ಯೆ ಕೊಟ್ಟು ತಕರಾರು ದಾಖಲಿಸಬೇಕು. ಆ ಸಂಸ್ಥೆ ದಾಖಲೆಯನ್ನು ತಾನಾಗಿ ಅಳಿಸುವುದಿಲ್ಲ. ಸಾಲದಾತರನ್ನು ಕೇಳಿ, ಅವರು ತಪ್ಪೆಂದು ಒಪ್ಪಿದ ಮೇಲೆ ಸರಿಪಡಿಸುತ್ತದೆ. ಇದೆಲ್ಲ 30 ದಿನದೊಳಗೆ ಮುಗಿಯಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ಆ ವ್ಯಾಪ್ತಿಗೆ ಸೇರಿವೆ.

ಒಪ್ಪಿಗೆ ಕೊಟ್ಟು ಹಾಕಿದ ಅರ್ಜಿಯ ಎನ್‌ಕ್ವೈರಿಗೆ ಈ ದಾರಿಯಿಲ್ಲ. ಅರ್ಜಿ ಹಿಂದೆ ಪಡೆದರೂ, ತಿರಸ್ಕಾರವಾದರೂ ಅದು ನಿಜವಾದ ದಾಖಲೆ, ತೆಗೆಸಲಾಗದು. ಹಣ ಕೊಟ್ಟರೆ ಎನ್‌ಕ್ವೈರಿ ಅಳಿಸಿಕೊಡುತ್ತೇವೆ ಎನ್ನುವವರ ಕೈಯಲ್ಲಿ ಅಂಥ ಅಧಿಕಾರವೇನೂ ಇಲ್ಲ. ಹೊಸ ಅರ್ಜಿಗಳು ನಿಂತು, ಇರುವ ಸಾಲಗಳ ಕಂತು ತಿಂಗಳು ತಿಂಗಳೂ ಸಂದಾಯವಾಗುತ್ತಾ ಹೋದರೆ ಹಳೆಯ ಎನ್‌ಕ್ವೈರಿಗಳ ಭಾರ ತಾನಾಗಿ ಇಳಿಯುತ್ತದೆ.